ಲಂಡನ್ ಬಿಟ್ಟು ದುಬೈ ಹಿಡಿದದ್ದು

ತಮ್ಮನಿಗೆ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಕೆಲಸ ಸಿಕ್ಕಿತು. ಬೀದರಿನಿಂದ ಹೈದರಾಬಾದಿಗೆ ಹೋಗಿ, ಅಲ್ಲಿಂದ ಲಂಡನ್ ಮೂಲಕ ಹಾರುವ ಟಿಕೆಟ್ ಅಗ್ಗವೆಂದು ಅದನ್ನೇ ಮಾಡಿಸಿದ್ದೆವು. ಹೊರಡಲು ಹದಿನೈದು ದಿನ ಉಳಿದಿದ್ದಾಗ ಟಿಕೆಟ್ ಬಿಡಿಸಿ ನೋಡಿದೆ. ಅದರಲ್ಲಿ ಎರಡು ಪಿಎನ್‌ಆರ್ ಸಂಖ್ಯೆಗಳಿದ್ದವು. ನನ್ನ ಎದೆ ಧಸಕ್ಕೆಂದಿತು.

ಎರಡು ಪಿಎನ್‌ಆರ್ ಎಂದರೆ ಹೆಚ್ಚಾಗಿ ಎರಡು ಬೇರೆ ಟಿಕೆಟ್. ಹಾಗಿದ್ದಾಗ ಸಾಮಾನ್ಯವಾಗಿ ಲಗೇಜು ಲಂಡನ್‌ವರೆಗೆ ಮಾತ್ರ ಹೋಗುತ್ತದೆ. ಅದನ್ನು ಪಡೆಯಲು ವಲಸೆ ತಪಾಸಣೆ ದಾಟಿ ಹೊರಗೆ ಬರಬೇಕು, ಅದಕ್ಕೆ ವೀಸಾ ಬೇಕು. ಒಂದೇ ಟಿಕೆಟ್ ಆಗಿದ್ದರೂ ಸಮಸ್ಯೆ ತಪ್ಪುತ್ತಿರಲಿಲ್ಲ: ವಿಮಾನ ನಿಲ್ದಾಣದ ಒಳಗೇ ವಿಮಾನ ಬದಲಿಸುವ ಭಾರತೀಯರಿಂದಲೂ ಬ್ರಿಟನ್ ಟ್ರಾನ್ಸಿಟ್ ವೀಸಾ ಕೇಳುತ್ತದೆ. ಅಮೆರಿಕ, ಕೆನಡಾದಂತಹ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದವರಿಗೆ ವಿನಾಯಿತಿ ಉಂಟು. ಬ್ರೆಜಿಲ್ ವೀಸಾ ಆ ಪಟ್ಟಿಯಲ್ಲಿಲ್ಲ. ಇದನ್ನು ಬ್ರಿಟನ್ ಸರ್ಕಾರದ gov.uk ಜಾಲತಾಣದಲ್ಲೇ ಖಚಿತಪಡಿಸಿಕೊಂಡೆ.

ವೀಸಾ ಇಲ್ಲದೆ ಹೋಗಿದ್ದರೆ ಲಂಡನ್ ಮುಟ್ಟುವ ಮಾತೇ ಇರಲಿಲ್ಲ. ಹೈದರಾಬಾದಿನ ಚೆಕ್‌ಇನ್ ಕೌಂಟರಿನಲ್ಲೇ ತಡೆಯುತ್ತಿದ್ದರು. ಅರ್ಜಿ ಹಾಕಲು ಸಮಯ ಸಾಲದು. ರದ್ದತಿ ಶುಲ್ಕ ಹೊಟ್ಟೆ ಉರಿಸಿದರೂ ಟಿಕೆಟ್ ಬಿಟ್ಟುಕೊಟ್ಟೆವು.

ನಂತರ ದುಬೈ ಮೂಲಕ ಒಂದೇ ಪಿಎನ್‌ಆರ್‌ನ ಟಿಕೆಟ್ ತೆಗೆದುಕೊಂಡೆವು. ಅಲ್ಲಿ ನಿಲ್ದಾಣದಿಂದ ಹೊರಬೀಳದೆ ವಿಮಾನ ಬದಲಿಸಲು ಭಾರತೀಯರಿಗೆ ವೀಸಾ ಬೇಡ. ಹಣ ಕಟ್ಟುವ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ: "ಲಗೇಜು ನೇರ ಸಾವೊ ಪೌಲೊಗೆ ಹೋಗುತ್ತದೆಯೇ?" ಚೆಕ್‌ಇನ್ ಆದ ಮೇಲೆ ತಮ್ಮ ಲಗೇಜಿನ ಚೀಟಿಯ ಫೋಟೊ ಕಳುಹಿಸಿದ. ಅದರಲ್ಲಿ ದೊಡ್ಡದಾಗಿ GRU ಎಂದಿತ್ತು, ಸಾವೊ ಪೌಲೊ ನಿಲ್ದಾಣದ ಸಂಕೇತ.