ರಾಜೀನಾಮೆಗೆ ಹ್ಯಾಂಡೋವರ್ ಹಾಳೆ ಲಗತ್ತಿಸಿ ಕೊಟ್ಟೆ: ಓದಲು ಹೊರಟ ಐಸಿಯು ನರ್ಸ್ ಒಬ್ಬಳ ಅನುಭವ

ಎಂ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿದಾಗ ನಮ್ಮ ಐಸಿಯುನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: "ಸ್ಟಾಫ್ ಇಲ್ಲದ ಹೊತ್ತಲ್ಲಿ ನಿನ್ನನ್ನು ಬಿಡಲ್ಲ. ಕ್ಲಾಸ್ ಶುರುವಾಗೋ ದಿನ ನೀನು ನೈಟ್ ಡ್ಯೂಟಿಲಿ ಇರ್ತೀಯ." ಹಾಗಾಗಲಿಲ್ಲ. ಹೇಳಿದ ದಿನವೇ ಹೊರಗೆ ಬಂದೆ, ರಿಲೀವಿಂಗ್ ಲೆಟರ್ ಕೈಯಲ್ಲಿತ್ತು, ಸಂಬಳದಲ್ಲಿ ಹೋಗಿದ್ದು ಎರಡು ದಿನದಷ್ಟು ಮಾತ್ರ. ಅದೇ ಮಾತು ಹೇಳಿದವರಲ್ಲಿ ಇಬ್ಬರು ಆಮೇಲೆ ನನ್ನ ಪತ್ರದ ಪ್ರತಿ ಕೇಳಿ ಇಸ್ಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗಿಂತ ಮೊದಲು ಓದಲು ಹೋಗಬೇಕೆಂದವರಿಗೆ ಏನಾಯಿತು ಎಂದು ನೋಡಿದ್ದೆ. ಒಬ್ಬಳು ಪತ್ರವನ್ನು ಇನ್‌ಚಾರ್ಜ್ ಸಿಸ್ಟರ್ ಕೈಗೆ ಕೊಟ್ಟು ಡ್ಯೂಟಿಗೆ ಹೋದಳು. ಅದು ಡ್ರಾಯರಿನಲ್ಲಿ ಎರಡು ವಾರ ಮಲಗಿತ್ತು. ನೋಟಿಸ್ ಲೆಕ್ಕ ಶುರುವಾಗಿದ್ದು ಅದು ಆಫೀಸಿಗೆ ಮುಟ್ಟಿದ ದಿನದಿಂದ. ಕೊಟ್ಟ ದಿನ ಯಾವುದು ಎನ್ನುವುದಕ್ಕೆ ಅವಳ ಹತ್ತಿರ ಸಹಿ ಹಾಕಿದ ಪ್ರತಿ ಇರಲಿಲ್ಲ. ಇನ್ನೊಬ್ಬ ಬ್ರದರ್ "ತಾವು ದಯವಿಟ್ಟು ಆದಷ್ಟು ಬೇಗ ಬಿಡುಗಡೆ ಮಾಡಬೇಕು" ಎಂದು ಬರೆದಿದ್ದ, ತಾರೀಕು ಹಾಕಿರಲಿಲ್ಲ. ಆದಷ್ಟು ಬೇಗ ಅಂದರೆ ಅವರಿಗೆ ಮೂರು ತಿಂಗಳು ತುಂಬಿದ ದಿನ, ಅಷ್ಟೇ. ಮೂರನೆಯವಳು ಎರಡು ಪುಟ ಬರೆದಿದ್ದಳು. ಅದರಲ್ಲಿ ಒಂದೂವರೆ ಪುಟ ಡಬಲ್ ಡ್ಯೂಟಿಯ ದೂರು. ದೂರೆಲ್ಲ ನಿಜವೇ. ಆದರೆ ಆ ಪತ್ರ ಅವಳ ಫೈಲಿನಲ್ಲಿ ಕೂತಿತು, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಬರೆಯುವವರು ನೋಡಿದ್ದೂ ಅದೇ ಫೈಲು.

ಆದ್ದರಿಂದ ಮೊದಲೇ ಕೆಲವು ವಿಷಯ ಗಟ್ಟಿ ಮಾಡಿಕೊಂಡೆ. ಫೀಸ್ ಕಟ್ಟಿ ರಸೀದಿ ಬರುವ ತನಕ ಪತ್ರ ಕೊಡಬಾರದು. ಬಿಡಿ ಎಂದು ಕೇಳುವ ಬದಲು ಕೊನೆಯ ದಿನ ಇದು ಎಂದು ತಿಳಿಸಬೇಕು. ಎರಡು ಪ್ರತಿ ಒಯ್ದು, ಒಂದರ ಮೇಲೆ ಆಫೀಸಿನ ಸೀಲು, ಸಹಿ, ತಾರೀಕು ಹಾಕಿಸಿಕೊಂಡೇ ಬರಬೇಕು. ಇನ್‌ಚಾರ್ಜ್‌ಗೆ ಹಿಂದಿನ ದಿನವೇ ಬಾಯಲ್ಲಿ ಹೇಳಿಬಿಡಬೇಕು. ಆಫೀಸಿನಿಂದ ಫೋನ್ ಬಂದಾಗಲೇ ಅವರಿಗೆ ಗೊತ್ತಾದರೆ ಕೋಪ ಬರುತ್ತೆ, ಆಮೇಲೆ ರೋಸ್ಟರ್ ಅವರ ಕೈಲೇ ಇರುತ್ತೆ ಅಲ್ವಾ.

ಈಗ ದುಡ್ಡಿನ ಲೆಕ್ಕ. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ನನ್ನ ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ನೋಟಿಸ್ ತೊಂಬತ್ತು ದಿನ ಎಂದಿತ್ತು. ಕಾಲೇಜಿಗೆ ಹಾಜರಾಗಬೇಕಾದ ದಿನಕ್ಕೆ ಇದ್ದದ್ದು ಸುಮಾರು ಎಪ್ಪತ್ತು. ಅಂದರೆ ಇಪ್ಪತ್ತು ದಿನ ಕಡಿಮೆ. ನನ್ನ ಖಾತೆಯಲ್ಲಿ ಗಳಿಕೆ ರಜೆ ಹದಿನೆಂಟರ ಆಸುಪಾಸು ಉಳಿದಿತ್ತು. "ನೋಟಿಸ್ ದುಡ್ಡು ಕಟ್ಟಿಬಿಡು, ರಜೆಯ ದುಡ್ಡು ವಾಪಸ್ ಬರುತ್ತಲ್ಲ, ಸರಿ ಹೋಗುತ್ತೆ" ಎಂದರು ಎಲ್ಲರೂ. ಸರಿ ಹೋಗಲ್ಲ. ನಮ್ಮಲ್ಲಿ ನೋಟಿಸ್ ಕಡಿಮೆಯಾದರೆ ಹಿಡಿಯುವುದು ಗ್ರಾಸ್ ಸಂಬಳದ ಮೇಲೆ, ರಜೆಗೆ ಕೊಡುವುದು ಬೇಸಿಕ್ ಮೇಲೆ. ನನ್ನ ಬೇಸಿಕ್ ಹೆಚ್ಚುಕಮ್ಮಿ ಗ್ರಾಸಿನ ಅರ್ಧ. ಹಾಗಾಗಿ ಹದಿನೆಂಟು ದಿನದ ರಜೆ ಮಾರಿದರೆ ಬರುವುದು ಒಂಬತ್ತು ದಿನದ ಸಂಬಳ, ಹೋಗುವುದು ಇಪ್ಪತ್ತು ದಿನದ್ದು. ಹನ್ನೊಂದು ದಿನದ ದುಡಿಮೆ ನೀರಿಗೆ. ಅದೇ ರಜೆಯನ್ನು ನೋಟಿಸಿಗೆ ಹೊಂದಿಸಿದರೆ ಒಂದು ದಿನಕ್ಕೆ ಒಂದು ದಿನ. ಉಳಿಯುವುದು ಎರಡೇ ದಿನ.

ಆದರೆ ಹೊಂದಿಸುವುದು ಅವರ ಮರ್ಜಿ. ಎಷ್ಟೋ ಕಡೆ ನೋಟಿಸ್ ಸಮಯದಲ್ಲಿ ರಜೆ ಹಾಕಿದರೆ ಅಷ್ಟು ದಿನ ನೋಟಿಸನ್ನೇ ಮುಂದಕ್ಕೆ ತಳ್ಳುತ್ತಾರೆ. ನಿಮ್ಮ ಕಡೆ ಯಾವುದರ ಮೇಲೆ ಹಿಡಿಯುತ್ತಾರೆ, ಬಾಂಡ್ ಇದೆಯಾ, ಎಲ್ಲ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರಿನಲ್ಲೇ ಹುಡುಕಿ. ಅವರು ಯಾಕೆ ಒಪ್ಪಬೇಕು? ನಾನು ಇಪ್ಪತ್ತು ದಿನ ಮುಂಚೆ ಹೋದರೂ ವಾರ್ಡಿಗೆ ಪೆಟ್ಟು ಬೀಳಲ್ಲ ಎಂದು ಕಾಗದದ ಮೇಲೆ ಕಾಣಬೇಕು. ಹ್ಯಾಂಡೋವರ್ ಹಾಳೆ ಹುಟ್ಟಿದ್ದು ಅಲ್ಲಿಂದ. ಒಳ್ಳೆಯತನಕ್ಕೆ ಮಾಡಿದ್ದು ಎಂದು ಹೇಳಿಕೊಳ್ಳಲ್ಲ.

ಶಿಫ್ಟ್ ಹ್ಯಾಂಡೋವರ್ ನಮಗೆಲ್ಲ ನಿದ್ದೆಯಲ್ಲೂ ಬರುತ್ತೆ. ಇದು ಬೇರೆ. ರೋಗಿಗಳನ್ನು ಮುಂದಿನ ಶಿಫ್ಟಿನವರು ಹೇಗೂ ನೋಡಿಕೊಳ್ಳುತ್ತಾರೆ. ನಾನು ಹೋದ ಮೇಲೆ ಯಾರೂ ಮಾಡದೆ ಬಿದ್ದುಹೋಗುವ ಕೆಲಸ ಯಾವುದು ಎನ್ನುವುದೇ ಇಲ್ಲಿ ಪ್ರಶ್ನೆ. ಒಂದು ವಾರ ಜೇಬಿನಲ್ಲಿ ಚೀಟಿ ಇಟ್ಟುಕೊಂಡು, ಯಾರಾದರೂ "ಸಿಸ್ಟರ್, ಇದೆಲ್ಲಿದೆ?" ಎಂದು ಕೇಳಿದಾಗೆಲ್ಲ ಬರೆದುಕೊಂಡೆ. ಬಂದದ್ದು ನಾಲ್ಕು ಮುಖ್ಯ ಕೆಲಸ. ಕ್ರ್ಯಾಶ್ ಕಾರ್ಟಿನ ಎಕ್ಸ್‌ಪೈರಿ ತಾರೀಕುಗಳ ತಿಂಗಳ ಪಟ್ಟಿ. ವೆಂಟಿಲೇಟರ್ ಸರ್ಕ್ಯೂಟ್ ಮತ್ತು ಫಿಲ್ಟರಿನ ಇಂಡೆಂಟ್. ಹೊಸಬರ ಮೊದಲ ಎರಡು ವಾರದ ತರಬೇತಿ. ನಾರ್ಕೋಟಿಕ್ ರಿಜಿಸ್ಟರಿನ ವಾರದ ತಾಳೆ.

ಇದನ್ನು ಒಪ್ಪಿಸಲು ಮೊದಲು ಫೋನಿನಲ್ಲಿ ವಿಡಿಯೊ ಮಾಡಿ ನೋಡಿದೆ. ಐಸಿಯುನಲ್ಲಿ ಎಲ್ಲಿ ಫೋನ್ ಹಿಡಿದರೂ ಹಿಂದೆ ಒಂದು ಬೆಡ್ಡೋ, ಒಂದು ಮಾನಿಟರೋ, ಒಂದು ಹೆಸರೋ ಬರುತ್ತದೆ. ಅಲ್ಲೇ ಅಳಿಸಿದೆ. ಆಮೇಲೆ ವಾಯ್ಸ್ ನೋಟ್. ಹನ್ನೆರಡು ನಿಮಿಷದ್ದನ್ನು ಯಾರೂ ಕೇಳಲಿಲ್ಲ, ಕೇಳಿದೆ ಎಂದವಳೂ ಮೂರನೇ ನಿಮಿಷಕ್ಕೆ ಬಿಟ್ಟಿದ್ದಳು. ಮಧ್ಯೆ ಒಂದು ಹುಚ್ಚು: ಕ್ರ್ಯಾಶ್ ಕಾರ್ಟಿನ ಪ್ರತಿ ಡ್ರಾಯರಿಗೂ ಬಣ್ಣದ ಚೀಟಿ ಅಂಟಿಸಿ, ಮೊದಲು ಎಕ್ಸ್‌ಪೈರಿ ಆಗುವುದು ಕೆಂಪು ಎಂದು ಮಾಡಿದೆ. ಸ್ಪಿರಿಟ್ ಹಾಕಿ ಒರೆಸಿದಾಗೆಲ್ಲ ಚೀಟಿ ಕಿತ್ತು ಬಂತು. ಡ್ರಾಯರಿನ ಒಳಬದಿಗೆ ಅಂಟಿಸಿದ ಮೇಲೆ ನಿಂತಿತು, ಈಗಲೂ ಇದೆಯಂತೆ.

ಕೊನೆಗೆ ಗೆದ್ದದ್ದು ಒಂದೇ ಹಾಳೆ. ಯಾವ ಕೆಲಸ, ಯಾವಾಗ, ಸಾಮಾನು ಎಲ್ಲಿದೆ, ತಡವಾದರೆ ಯಾರನ್ನು ಕೇಳಬೇಕು, ಯಾರು ವಹಿಸಿಕೊಳ್ಳುತ್ತಾರೆ, ಅವರ ಸಹಿ. ಸಹಿಯ ಕಾಲಂ ಇಲ್ಲದಿದ್ದರೆ ಅದು ಬರೀ ಉಪದೇಶ. ಪಕ್ಕದಲ್ಲೇ ಎರಡು ತಾರೀಕು ಹಾಕಿದ್ದೆ: ಒಂದು ನಾನು ಮಾಡುವಾಗ ಅವರು ನೋಡಿದ ದಿನ, ಇನ್ನೊಂದು ಅವರು ಮಾಡುವಾಗ ನಾನು ನೋಡಿದ ದಿನ. ಎರಡನೆಯದು ಖಾಲಿ ಇದ್ದರೆ ಆ ಕೆಲಸ ಇನ್ನೂ ನನ್ನದೇ. ಇಂಡೆಂಟಿನಲ್ಲಿ ಹೀಗೇ ಆಯಿತು. ನೋಡುವಾಗ ಎಲ್ಲ ಗೊತ್ತು ಎಂದವಳು, ತಾನೇ ಮಾಡುವಾಗ ಮಕ್ಕಳ ಸರ್ಕ್ಯೂಟನ್ನು ದೊಡ್ಡವರದರ ಜೊತೆ ಒಂದೇ ಸಾಲಿನಲ್ಲಿ ಹಾಕಿದಳು. ಅಲ್ಲೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಎರಡು ಜಾಗದಲ್ಲಿ ಮಾತ್ರ ಹಾಳೆ ಸಾಲದು. ನಾರ್ಕೋಟಿಕ್ ಕೀಲಿಯನ್ನು ಸುಮ್ನೆ ಕೈಗಿಟ್ಟು ಬರಬೇಡಿ. ಇನ್ನೊಬ್ಬ ನರ್ಸಿನ ಎದುರು ಆಂಪೂಲ್ ಎಣಿಸಿ, ರಿಜಿಸ್ಟರಿಗೆ ತಾಳೆ ನೋಡಿ, ಇಬ್ಬರೂ ಸಹಿ ಹಾಕಿ. ನೀವು ಹೋದ ಮೇಲೆ ಒಂದು ಆಂಪೂಲ್ ಕಡಿಮೆ ಬಿದ್ದರೂ ಮೊದಲು ನೆನಪಾಗುವುದು ನಿಮ್ಮ ಹೆಸರೇ. ಇನ್ನೊಂದು ನಿಮ್ಮ ಲಾಗಿನ್. ಪಾಸ್‌ವರ್ಡ್ ಯಾರಿಗೂ ಬರೆದುಕೊಡಬಾರದು. ವಹಿಸಿಕೊಳ್ಳುವವರಿಗೆ ಅವರದೇ ಲಾಗಿನ್ ಮಾಡಿಸಿ, ನಿಮ್ಮದನ್ನು ಕೊನೆಯ ದಿನ ಮುಚ್ಚಿಸಿ.

ಧನ್ಯವಾದದ ಭಾಗವೇ ನನಗೆ ಜಾಸ್ತಿ ಹೊತ್ತು ತಿಂದದ್ದು. ಮೊದಲ ಕರಡಿನಲ್ಲಿ ಹೆಸರುಗಳದ್ದೇ ಅರ್ಧ ಪುಟ. ಹೆಸರು ಬರೆಯಲು ಹೊರಟರೆ ಒಂದಾದರೂ ಬಿಡುತ್ತದೆ, ಬಿಟ್ಟವರು ಮರೆಯಲ್ಲ. ಅದಕ್ಕಿಂತ ದೊಡ್ಡ ವಿಷಯ, ಆ ಪತ್ರವನ್ನು ನಮ್ಮ ಟೀಮ್ ಓದುವುದೇ ಇಲ್ಲ, ಅದು ನೇರ ಫೈಲಿಗೆ ಹೋಗುತ್ತದೆ. ಹಾಗಾಗಿ ಪತ್ರದಲ್ಲಿ ಎರಡೇ ವಾಕ್ಯ ಇಟ್ಟೆ, ಹೆಸರಿಲ್ಲದೆ, ಅವರು ಕಲಿಸಿದ ಒಂದು ಕೆಲಸವನ್ನು ಹೇಳಿ. ಉಳಿದದ್ದನ್ನು ಬೇರೆ ಹಾಳೆಯಲ್ಲಿ ಬರೆದು ಸ್ಟಾಫ್ ರೂಮಿನ ಬೋರ್ಡಿಗೆ ಚುಚ್ಚಿದೆ. ಅದರಲ್ಲಿ ಆಯಾಗಳು, ವಾರ್ಡ್ ಬಾಯ್‌ಗಳು ಎಲ್ಲರೂ ಇದ್ದರು. ರೋಗಿಗಳ ವಿಷಯ ಎರಡರಲ್ಲೂ ಇಲ್ಲ.

ಕೊಟ್ಟ ಪತ್ರ ಹೆಚ್ಚುಕಡಿಮೆ ಹೀಗಿತ್ತು:

"ಇವರಿಗೆ: ನರ್ಸಿಂಗ್ ಸೂಪರಿಂಟೆಂಡೆಂಟ್. ಮೂಲಕ: ಇನ್‌ಚಾರ್ಜ್, ಐಸಿಯು.

ವಿಷಯ: ಉನ್ನತ ವ್ಯಾಸಂಗಕ್ಕಾಗಿ ಸ್ಟಾಫ್ ನರ್ಸ್ ಹುದ್ದೆಗೆ ರಾಜೀನಾಮೆ.

ಮಾನ್ಯರೇ, ನನಗೆ ಎಂ.ಎಸ್ಸಿ. ನರ್ಸಿಂಗ್ ಕೋರ್ಸಿಗೆ ಪ್ರವೇಶ ಸಿಕ್ಕಿದ್ದು, ನನ್ನ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನನ್ನ ಕೆಲಸದ ಕೊನೆಯ ದಿನ (ತಾರೀಕು). ನೋಟಿಸ್ ಅವಧಿಯಲ್ಲಿ ಕಡಿಮೆಯಾಗುವ ದಿನಗಳಿಗೆ ನನ್ನ ಗಳಿಕೆ ರಜೆಯನ್ನು ಹೊಂದಿಸಿಕೊಳ್ಳಬೇಕೆಂದು ಕೋರುತ್ತೇನೆ. ಪ್ರವೇಶ ಪತ್ರದ ಪ್ರತಿ ಲಗತ್ತಿಸಿದ್ದೇನೆ.

ವೆಂಟಿಲೇಟರ್ ಅಲಾರಂ ಆದಾಗ ಮೊದಲು ರೋಗಿಯನ್ನು ನೋಡು, ಆಮೇಲೆ ಮಿಷನ್ ನೋಡು ಎಂದು ಕಲಿಸಿದ್ದು ಈ ಐಸಿಯು. ಹಗಲು ರಾತ್ರಿ ಜೊತೆ ನಿಂತ ಇನ್‌ಚಾರ್ಜ್ ಅವರಿಗೆ, ಸಹೋದ್ಯೋಗಿಗಳಿಗೆ ಮತ್ತು ವೈದ್ಯರಿಗೆ ನಾನು ಋಣಿ.

ನಾನು ನೋಡಿಕೊಳ್ಳುತ್ತಿರುವ ಕೆಲಸಗಳ ಹ್ಯಾಂಡೋವರ್ ಹಾಳೆ ಲಗತ್ತಿಸಿದ್ದೇನೆ. ಇವನ್ನು ವಹಿಸಿಕೊಳ್ಳುವವರನ್ನು ಒಂದು ವಾರದೊಳಗೆ ಸೂಚಿಸಿದರೆ, ಕೊನೆಯ ದಿನಕ್ಕೆ ಮೊದಲೇ ಕಲಿಸಿ ಒಪ್ಪಿಸುತ್ತೇನೆ. ಬಿಟ್ಟ ನಂತರ ಎರಡು ವಾರ ಈ ಕೆಲಸಗಳ ಬಗ್ಗೆ ಫೋನಿನಲ್ಲಿ ಉತ್ತರಿಸಲು ಸಿದ್ಧಳಿದ್ದೇನೆ. ರಿಲೀವಿಂಗ್ ಲೆಟರ್ ಮತ್ತು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಅನ್ನು ಕೊನೆಯ ದಿನ ಕೊಡಬೇಕೆಂದು ವಿನಂತಿ."

ಸೂಪರಿಂಟೆಂಡೆಂಟ್ ಮೇಡಂ ಪತ್ರವನ್ನು ಪಕ್ಕಕ್ಕಿಟ್ಟು ಮೊದಲು ಓದಿದ್ದು ಆ ಹಾಳೆಯನ್ನೇ. "ಇದರಲ್ಲಿ ಹೆಸರಿನ ಕಾಲಂ ಖಾಲಿ ಇದೆಯಲ್ಲ?" ಎಂದರು. "ಅದನ್ನು ನೀವೇ ತುಂಬಬೇಕು ಮೇಡಂ" ಎಂದೆ. ನಾನೇ ಹೆಸರು ಬರೆದಿದ್ದರೆ ಅಲ್ಲೇ ತಕರಾರು ಶುರುವಾಗುತ್ತಿತ್ತು. ಅವರೇ ಹೆಸರು ಬರೆದ ಮೇಲೆ ನಾನು ಹೋಗುವುದು ಅವರ ಪ್ಲಾನಿನೊಳಗೆ ಸೇರಿಹೋಯಿತು. ರಜೆ ಹೊಂದಿಸುವ ವಿಷಯಕ್ಕೆ ಎಚ್‌ಆರ್ ಎರಡು ಸಲ ಇಲ್ಲ ಎಂದಿತು, ಮೂರನೇ ಸಲ ಹೌದು ಎಂದಿತು. ಮೂರನೇ ಸಲ ನಾನು ಏನು ತೋರಿಸಿದೆ ಎಂದು ಇಲ್ಲಿ ಬರೆಯಲ್ಲ. ಅಲ್ಲಿ ಇನ್ನೂ ಇಬ್ಬರು ಹೊರಡುವವರಿದ್ದಾರೆ, ಅವರಿಗೆ ಬೇಕಾಗುತ್ತೆ.

ನೋ ಡ್ಯೂಸ್ ಸುತ್ತಾಟ ಎಲ್ಲರಿಗೂ ಗೊತ್ತಿರುವುದೇ: ಸ್ಟೋರ್, ಲೈಬ್ರರಿ, ಲಾಕರ್, ಅಕೌಂಟ್ಸ್. ಕೊನೆಯ ವಾರಕ್ಕೆ ಬಿಡದೆ ಮುಂಚೆಯೇ ಶುರು ಮಾಡಿ, ಒಬ್ಬರು ರಜೆಯಲ್ಲಿದ್ದರೂ ಅಲ್ಲೇ ನಿಲ್ಲುತ್ತದೆ. ಸರ್ಟಿಫಿಕೇಟನ್ನು ಮಾತ್ರ ಕೌಂಟರ್ ಬಿಡುವ ಮೊದಲೇ ಓದಿ. ನನ್ನದರಲ್ಲಿ ಬರೀ "ಸ್ಟಾಫ್ ನರ್ಸ್" ಎಂದಿತ್ತು, ಐಸಿಯು ಹೆಸರೇ ಇರಲಿಲ್ಲ. ಮುಂದೆ ಕ್ರಿಟಿಕಲ್ ಕೇರ್ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಒಂದು ಪದಕ್ಕೇ ಬೆಲೆ. ಅಲ್ಲೇ ನಿಂತು ಬದಲಾಯಿಸಿಕೊಂಡೆ. ಸೇರಿದ ಮತ್ತು ಬಿಟ್ಟ ತಾರೀಕು ರಿಲೀವಿಂಗ್ ಲೆಟರಿಗೆ ಹೊಂದುತ್ತದಾ ಎಂದೂ ನೋಡಿಕೊಂಡೆ.

ಆ ಎರಡು ವಾರದಲ್ಲಿ ಬಂದ ಫೋನ್ ಮೂರೋ ನಾಲ್ಕೋ. ಒಂದು ಇಂಡೆಂಟ್ ನಮೂನೆ ಮುಗಿದಿದೆ ಎಂದು. ಉಳಿದವೆಲ್ಲ ಹಾಸ್ಟೆಲ್ ಊಟ ಹೇಗಿದೆ ಎಂದು ಕೇಳಲು.