ಹಾಸು, ಹೊಕ್ಕು, ನಿರಿಗೆ, ತೇಪೆ: ಮಗ್ಗದ ಪದಗಳನ್ನು ನಾನು ತೂಗಿ ನೋಡುವ ಬಗೆ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಕುಣಿಮಗ್ಗವಿದ್ದ ಮನೆಯಲ್ಲಿ ಬೆಳೆದು, ಕಾಲೇಜಿನ ದಿನಗಳವರೆಗೂ ಸೀರೆ ನೇಯ್ದು, ಈಗ ಕನ್ನಡ ಹಸ್ತಪ್ರತಿಗಳನ್ನು ತಿದ್ದುವ ಕೆಲಸದಲ್ಲಿರುವ ನನಗೆ ಬಟ್ಟೆಯ ಪದಗಳು ಎದುರಾದಲ್ಲೆಲ್ಲ ಕೈ ನಿಲ್ಲುತ್ತದೆ. ಲೇಖಕರು ಅವುಗಳನ್ನು ರೂಪಕವಾಗಿ ಬಳಸಿದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಪದ ಹೆಸರಿಸುವ ವಸ್ತು ಅಥವಾ ಕ್ರಿಯೆ ಮಗ್ಗದಲ್ಲೋ ಮೈಮೇಲೋ ಏನು ಮಾಡುತ್ತದೆ, ಮತ್ತು ಆ ಕೆಲಸದ ಯಾವ ಭಾಗ ಈ ವಾಕ್ಯದೊಳಗೆ ಬಂದಿದೆ? ಹೀಗೆ ಕೇಳುತ್ತಾ ಒಂದು ಪುಸ್ತಕದಲ್ಲಿ ಪದವಾರು ಟಿಪ್ಪಣಿ ಬರೆದಿಟ್ಟುಕೊಂಡಿದ್ದೇನೆ. ಅದರಲ್ಲಿನ ಕೆಲವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಅತಿ ಹೆಚ್ಚು ಪುಟ ಹಿಡಿದಿರುವುದು ‘ಹಾಸುಹೊಕ್ಕು’. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರುವ ನೂಲು, ಹೊಕ್ಕು ಎಂದರೆ ಲಾಳಿಯೊಡನೆ ಅಡ್ಡಕ್ಕೆ ಹೋಗಿ ಬರುವ ನೂಲು. ಎರಡೂ ಕ್ರಿಯೆಯಿಂದ ಬಂದ ಹೆಸರುಗಳು; ಹಾಸಿದ್ದು ಹಾಸು, ಒಳಹೊಕ್ಕಿದ್ದು ಹೊಕ್ಕು. ಮಗ್ಗದಲ್ಲಿ ಇವೆರಡಕ್ಕೂ ಸಮಾನ ಸ್ಥಾನವಿಲ್ಲ. ಹಾಸನ್ನು ಮೊದಲೇ ಅಳೆದು, ಗಂಜಿ ಕೊಟ್ಟು ಗಟ್ಟಿಮಾಡಿ, ಒಂದೊಂದೇ ಎಳೆಯನ್ನು ಹಣಿಗೆಯ ಸಂದುಗಳಲ್ಲಿ ತೂರಿಸಿ, ಎಳೆದು ಬಿಗಿದಿರಬೇಕು. ಸೀರೆಯ ಉದ್ದ, ಅಗಲ, ಅಂಚಿನ ಸ್ಥಾನ ಇವೆಲ್ಲ ಆಗಲೇ ತೀರ್ಮಾನವಾಗಿಬಿಡುತ್ತವೆ. ಹೊಕ್ಕಿನ ನೂಲಿಗೆ ಅಂಥ ಎಳೆತವಿಲ್ಲ. ಲಾಳಿಯೊಳಗೆ ನೂಲು ಸುತ್ತಿಟ್ಟ ಕಂಡಿಕೆಯಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಬಣ್ಣ ಬದಲಿಸಬೇಕೆಂದರೆ ಕಂಡಿಕೆ ಬದಲಿಸಿದರಾಯಿತು. ನಮ್ಮ ಕಾಕಾ ಇದನ್ನು ಒಂದು ಮಾತಿನಲ್ಲಿ ಮುಗಿಸುತ್ತಿದ್ದರು: “ಹೊಕ್ಕು ಹರದ್ರ ಕೈ ಅಷ್ಟ ನಿಂದರತೈತಿ ತಮ್ಮಾ, ಹಾಸು ಹರದ್ರ ಮಗ್ಗಾನ ನಿಂದರತೈತಿ.”

ಬರವಣಿಗೆಯ ಕನ್ನಡದಲ್ಲಿ ಈ ವ್ಯತ್ಯಾಸ ಅಳಿಸಿಹೋಗಿದೆ. ‘ಹಾಸುಹೊಕ್ಕಾಗಿದೆ’ ಎಂದರೆ ಈಗ ಎಲ್ಲೆಡೆ ವ್ಯಾಪಿಸಿದೆ, ಬೇರ್ಪಡಿಸಲಾಗದಂತೆ ಸೇರಿದೆ ಎಂದಷ್ಟೇ ಅರ್ಥ. ಅದರಲ್ಲಿ ತಪ್ಪೇನಿಲ್ಲ, ಭಾಷೆ ಜೋಡಿಪದವನ್ನು ಇಡಿಯಾಗಿ ಎತ್ತಿಕೊಂಡಿದೆ. ಆದರೆ ಇಡಿಯಾಗಿ ಎತ್ತಿಕೊಂಡಾಗಲೂ ಒಂದು ಷರತ್ತು ಜೊತೆಗೇ ಬಂದಿದೆ ಎಂಬುದು ನನ್ನ ತಿಳುವಳಿಕೆ. ಜಾತಿ ನಮ್ಮ ಸಮಾಜದಲ್ಲಿ ಹಾಸುಹೊಕ್ಕಾಗಿದೆ ಎಂದರೆ ಉದ್ದದ ನೂಲೂ ಅದೇ, ಅಡ್ಡದ ನೂಲೂ ಅದೇ. ಅದನ್ನು ಎಳೆದು ತೆಗೆದರೆ ಬಟ್ಟೆಯೇ ಉಳಿಯದು ಎಂದಂತಾಯಿತು. ಹಾಗೆ ಹೇಳುವ ಉದ್ದೇಶವಿದ್ದರೆ ಪದ ಸರಿ. ಜಾತ್ರೆಯಲ್ಲಿ ಪ್ಲಾಸ್ಟಿಕ್ ಹಾಸುಹೊಕ್ಕಾಗಿದೆ ಎಂಬ ವಾಕ್ಯ ಬಂದರೆ ನಾನು ‘ತುಂಬಿಕೊಂಡಿದೆ’ ಎಂದು ತಿದ್ದುತ್ತೇನೆ, ಏಕೆಂದರೆ ಪ್ಲಾಸ್ಟಿಕ್ ತೆಗೆದರೂ ಜಾತ್ರೆ ನಡೆಯುತ್ತದೆ. ಎಲ್ಲೆಡೆ ಹರಡದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವ ವಿಷಯವಾದರೆ ‘ಎಳೆ’ ಸಾಕು. ಕಾದಂಬರಿಯುದ್ದಕ್ಕೂ ತಾಯಿಯ ನೆನಪು ಒಂದು ಎಳೆಯಾಗಿ ಹರಿಯುತ್ತದೆ ಎನ್ನಬಹುದು.

ಎರಡು ವಸ್ತುಗಳನ್ನು ಹೆಸರಿಸಿ ಅವು ಹಾಸುಹೊಕ್ಕಾಗಿವೆ ಎಂದಾಗ ಪರೀಕ್ಷೆ ಇನ್ನೂ ಸೂಕ್ಷ್ಮವಾಗುತ್ತದೆ. ವೃತ್ತಿರಂಗಭೂಮಿಯನ್ನು ಕುರಿತ ಒಂದು ಲೇಖನದಲ್ಲಿ ‘ಕಂಪನಿ ನಾಟಕಗಳಲ್ಲಿ ಮಾತು ಮತ್ತು ಹಾಡು ಹಾಸುಹೊಕ್ಕಾಗಿದ್ದು, ಒಂದರಲ್ಲೊಂದು ಕರಗಿಹೋಗಿವೆ’ ಎಂಬ ವಾಕ್ಯವಿತ್ತು. ಮೊದಲರ್ಧ ನನಗೆ ಒಪ್ಪಿಗೆಯಾಯಿತು: ಮಾತಿನಲ್ಲಿ ಹೂಡಿದ ಕಥೆ ಮೊದಲೇ ಬಿಗಿದಿಟ್ಟ ಹಾಸು, ಹಾಡು ಆಗಾಗ ಅಡ್ಡ ಹಾಯುವ ಹೊಕ್ಕು ಎಂದು ಮಗ್ಗಕ್ಕೆ ಹೊಂದಿಸಿ ನೋಡಬಹುದು. ನೋಡುಗರ ಒತ್ತಾಯಕ್ಕೆ ಹಾಡನ್ನು ಮತ್ತೆ ಹಾಡಿಸಬಹುದು, ಇನ್ನೊಂದನ್ನು ಸೇರಿಸಬಹುದು. ಕಂಡಿಕೆ ಬದಲಿಸಿದಂತೆಯೇ ಅದು. ಎರಡನೆಯ ಅರ್ಧ ಹೊಂದಲಿಲ್ಲ. ನೀಲಿ ಹಾಸಿನ ನೂಲಿಗೆ ಕೆಂಪು ಹೊಕ್ಕು ಕೊಟ್ಟು ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ಓರೆಮಾಡಿದರೆ ಒಮ್ಮೆ ನೀಲಿ, ಒಮ್ಮೆ ಕೆಂಪು ಮಿನುಗುತ್ತದೆ. ದೂರದಿಂದ ನೇರಳೆಯಾಗಿ ಕಂಡರೂ ಹತ್ತಿರ ಹಿಡಿದಾಗ ಎಳೆ ಎಳೆಯೂ ತನ್ನ ಬಣ್ಣದಲ್ಲೇ ಇರುತ್ತದೆ. ನೂಲುಗಳು ಹಾಯುತ್ತವೆಯೇ ಹೊರತು ಕರಗುವುದಿಲ್ಲ. ‘ಕರಗಿಹೋಗಿವೆ’ಯನ್ನು ತೆಗೆದು ‘ಒಂದನ್ನೊಂದು ಹಿಡಿದಿಟ್ಟಿವೆ’ ಎಂದು ಬರೆದೆ. ಲೇಖಕರು ಒಪ್ಪಿದರು.

ಇನ್ನು ಸೆರಗು. ಇಳಕಲ್ ಸೀರೆಯ ವೈಶಿಷ್ಟ್ಯವೇ ಸೆರಗಿನ ಜೋಡಣೆಯಲ್ಲಿದೆ. ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆಯೇ ಕೆಂಪು ರೇಷ್ಮೆಯ ಹಾಸು. ಒಡಲಿನ ಹಾಸೇ ಮುಂದುವರಿದರೆ ಅದರ ಬಣ್ಣ ಸೆರಗಿನ ಕೆಂಪಿನೊಳಗೆ ಇಣುಕಿ ಕೆಂಪು ಮಂಕಾಗುತ್ತದೆ; ಆದ್ದರಿಂದ ಒಡಲಿನ ಎಳೆಗಳ ತುದಿಯನ್ನೂ ಸೆರಗಿನ ಎಳೆಗಳ ತುದಿಯನ್ನೂ ಕುಣಿಕೆಗಳಾಗಿ ಒಂದರೊಳಗೊಂದು ಸಿಕ್ಕಿಸುತ್ತಾರೆ. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಕೊಂಡಿ ಹಾಕಬೇಕಾದ್ದರಿಂದಲೇ ಹಾಸನ್ನು ಆರು, ಎಂಟು ಅಥವಾ ಒಂಬತ್ತು ವಾರಿಗೆ, ಒಂದು ಸಲಕ್ಕೆ ಒಂದೇ ಸೀರೆಗಾಗುವಷ್ಟು ಹೂಡುತ್ತಾರೆ. ಎಲ್ಲ ಕೊಂಡಿಗಳೂ ಒಂದೇ ಬಿಗಿಯಲ್ಲಿ ಕೂರಬೇಕು; ಒಂದು ಸಡಿಲವಾದರೆ ನೇಯ್ಗೆ ಅಲ್ಲಿಗೆ ಬಂದಾಗ ಆ ಎಳೆ ಜೋಲು ಬಿದ್ದು ಸೆರಗಿನ ಗೆರೆ ಸೊಟ್ಟಗಾಗುವುದು ಕಣ್ಣಿಗೇ ಕಾಣುತ್ತದೆ.

ಎರಡು ತಲೆಮಾರುಗಳ ನಡುವಿನ ಕೊಂಡಿ, ಕಳಚಿದ ಕೊಂಡಿ ಎಂದು ಓದಿದಾಗ ನನಗೆ ಆ ಜೋಡಣೆಯೇ ಕಣ್ಣಮುಂದೆ ಬರುತ್ತದೆ. ಆದರೂ ಟಿಪ್ಪಣಿಯಲ್ಲಿ ಈ ಬಳಕೆ ಮಗ್ಗದಿಂದ ಬಂದಿತೆಂದು ಬರೆದುಕೊಂಡಿಲ್ಲ. ಸರಪಳಿಯ ಕೊಂಡಿ, ಬಾಗಿಲ ಕೊಂಡಿ, ಚೇಳಿನ ಕೊಂಡಿ ಎಲ್ಲ ಊರಿನಲ್ಲೂ ಇವೆ. ನೇಕಾರರೇ ಅಲ್ಲಿಂದ ಪದವನ್ನು ತಂದು ತಮ್ಮ ಕುಣಿಕೆಗೆ ಇಟ್ಟಿರುವ ಸಂಭವವೇ ಹೆಚ್ಚು. ಹಣಿಗೆಯೂ ಹಾಗೆಯೇ: ತಲೆ ಬಾಚುವ ಹಣಿಗೆಯ ಹಲ್ಲುಗಳನ್ನು ಹೋಲುವುದರಿಂದ ಮಗ್ಗದ ಸಾಧನಕ್ಕೂ ಆ ಹೆಸರು, ಸೆರಗಿನಲ್ಲಿ ನೇಯುವ ಒಂದು ವಿನ್ಯಾಸಕ್ಕೂ ಅದೇ ಹೆಸರು. ಕಸುಬಿನ ಪದಗಳೆಲ್ಲ ಮಗ್ಗದಲ್ಲಿ ಹುಟ್ಟಿ ಹೊರಗೆ ಹೋದವು ಎಂದು ಭಾವಿಸಿದರೆ ಇಂಥ ಕಡೆ ದಿಕ್ಕು ತಲೆಕೆಳಗಾಗುತ್ತದೆ. ‘ಅಂಚಿಗೆ ತಳ್ಳಲ್ಪಟ್ಟ ಸಮುದಾಯ’ ಎಂಬುದರಲ್ಲಿರುವುದು ಬಾವಿಯ, ಹೊಲದ, ಪುಟದ ಅಂಚೇ ಇರಬೇಕು, ಸೀರೆಯದಂತೂ ಅಲ್ಲ. ಸೀರೆಯಲ್ಲಿ ಅಂಚೇ ಮುಖ್ಯ, ಕೊಳ್ಳುವವರು ಮೊದಲು ಮುಟ್ಟಿ ನೋಡುವುದೂ ಅದನ್ನೇ.

ಸೆರಗಿನ ನುಡಿಗಟ್ಟುಗಳು ಮಾತ್ರ ಸ್ಪಷ್ಟವಾಗಿ ಬಟ್ಟೆಯಿಂದ ಬಂದವು. ಸೆರಗೊಡ್ಡಿ ಬೇಡುವುದು, ತಾಯಿಯ ಸೆರಗು ಹಿಡಿದು ಓಡಾಡುವುದು, ಸೆರಗಿನಲ್ಲಿ ಕೆಂಡ ಕಟ್ಟಿಕೊಳ್ಳುವುದು. ಗಮನಿಸಿ, ಇವುಗಳಲ್ಲಿ ನೇಯುವವರ ಸೆರಗು ಯಾವುದೂ ಇಲ್ಲ. ಎಲ್ಲವೂ ಉಟ್ಟವರ ಸೆರಗು. ಟಿಪ್ಪಣಿಗಳು ಬೆಳೆದಂತೆ ನನಗೆ ಖಚಿತವಾದದ್ದು ಇದೇ: ಮಗ್ಗದ ಹೊರಗೆ ನಿಂತವರಿಗೆ ಕಾಣುವ ಭಾಗಗಳೇ ರೂಪಕಗಳಾಗಿವೆ. ಬೀದಿಗೆ ಸದ್ದು ಕೇಳಿಸುವ ಲಾಳಿ ‘ಲಾಳಿಯಂತೆ ಅತ್ತಿಂದಿತ್ತ ಓಡಾಡು’ ಎಂಬ ಮಾತಾಯಿತು. ಅದರ ಹೊಟ್ಟೆಯೊಳಗೇ ಇರುವ ಕಂಡಿಕೆ ಏನೂ ಆಗಲಿಲ್ಲ.

ನಿರಿಗೆಯೂ ಉಡುವವರ ಪದ. ನಿರಿಗೆಯನ್ನು ಹೊಲಿಯುವುದಿಲ್ಲ, ಬೆರಳುಗಳ ನಡುವೆ ಒಂದೇ ಅಗಲಕ್ಕೆ ಮಡಿಸಿ, ಸೊಂಟದಲ್ಲಿ ಸಿಕ್ಕಿಸುತ್ತಾರೆ; ಸೀರೆ ಬಿಚ್ಚಿದೊಡನೆ ಅದೂ ಬಿಚ್ಚಿಹೋಗುತ್ತದೆ. ಹಣೆಯ ಮೇಲೆ ನಿರಿಗೆ ಮೂಡಿತು ಎಂಬ ಬಳಕೆಯಲ್ಲಿ ಈ ಎರಡು ಗುಣಗಳೂ ಹಾಗೇ ಉಳಿದಿವೆ: ಸಾಲಾಗಿ ಬೀಳುವ ಗೆರೆಗಳು, ಚಿಂತೆಯೋ ಅನುಮಾನವೋ ಕಳೆದೊಡನೆ ಮಾಯವಾಗುವ ಗೆರೆಗಳು. ವಯಸ್ಸಿನಿಂದ ಬಂದು ಉಳಿದುಬಿಟ್ಟದ್ದು ಸುಕ್ಕು. ‘ಎಂಬತ್ತು ವರ್ಷದ ಮುಖದ ನಿರಿಗೆಗಳು’ ಎಂದು ಬಂದರೆ ನಾನು ಸುಕ್ಕು ಎಂದು ಬದಲಿಸಲು ಸೂಚಿಸುತ್ತೇನೆ, ಲೇಖಕರು ಹಟ ಹಿಡಿದರೆ ಬಿಟ್ಟುಬಿಡುತ್ತೇನೆ. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವವರು ಸಾಕಷ್ಟಿದ್ದಾರೆ.

ಹೊಲಿಗೆಯ ಕಡೆಯಿಂದ ಬಂದ ರೂಪಕಗಳು ಕಡಿಮೆ. ಕತ್ತರಿಸದೆ ಉಡುವ ಸೀರೆ, ಧೋತರಗಳಿಗೆ ಅಂಚು ನೇಯ್ಗೆಯಲ್ಲೇ ಬರುವುದರಿಂದ ಬಟ್ಟೆಯ ತುದಿಯನ್ನು ಒಳಕ್ಕೆ ಮಡಚಿ ಹೊಲಿಯುವ ಅಗತ್ಯ ಬೀಳುತ್ತಿರಲಿಲ್ಲ. ಆ ಕೆಲಸಕ್ಕೆ ದರ್ಜಿಗಳು ಇಂದಿಗೂ ಹೆಮ್ಮಿಂಗ್ ಎಂದೇ ಅನ್ನುತ್ತಾರೆ, ಆ ಪದಕ್ಕೆ ಕನ್ನಡದಲ್ಲಿ ಬೇರೆ ಅರ್ಥ ಅಂಟಿಕೊಂಡೇ ಇಲ್ಲ. ಅನುದಾನಕ್ಕೆ ಕತ್ತರಿ ಬಿತ್ತು, ಬಾಯಿಗೆ ಹೊಲಿಗೆ ಹಾಕಿಕೊಂಡ ಎಂಬಂಥವು ಬೇಕಾದಷ್ಟು ಸರಳವಾಗಿವೆ. ನಿಂತು ನೋಡಬೇಕಾದದ್ದು ತೇಪೆ.

ಸರ್ಕಾರ ತೇಪೆ ಹಚ್ಚುವ ಕೆಲಸ ಮಾಡುತ್ತಿದೆ ಎಂದರೆ ಮೂಲ ದೋಷ ಮುಟ್ಟದೆ ಮೇಲೆ ಮುಚ್ಚುತ್ತಿದೆ ಎಂಬ ಟೀಕೆ. ಆದರೆ ತೇಪೆ ಹಚ್ಚಿದವರಿಗೆ ಅದರ ಕಷ್ಟ ಗೊತ್ತು. ತೂತಿನ ಸುತ್ತ ಜೀರ್ಣವಾದ ಭಾಗವನ್ನು ದಾಟಿ ಗಟ್ಟಿ ಬಟ್ಟೆ ಸಿಗುವವರೆಗೆ ತೇಪೆ ಚಾಚಿರಬೇಕು. ತೂತಿನಷ್ಟೇ ಅಳತೆಗೆ ಕತ್ತರಿಸಿದರೆ ಹೊಲಿಗೆಯ ಸಾಲಿನಲ್ಲೇ ಬಟ್ಟೆ ಮತ್ತೆ ಸೀಳುತ್ತದೆ. ಒಗೆಯದ ಹೊಸ ಬಟ್ಟೆಯ ತುಂಡಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ, ಸುತ್ತಲಿನ ಹಳೆಯ ಬಟ್ಟೆಯನ್ನು ಎಳೆಯುತ್ತದೆ. ಆದ್ದರಿಂದ ಅವ್ವ ತೇಪೆಗೆ ಹಳೆಯ ಸೀರೆಯ ತುಂಡನ್ನೇ ಹುಡುಕುತ್ತಿದ್ದಳು. ಉತ್ತರ ಕರ್ನಾಟಕದ ಕೌದಿಯಂತೂ ಪೂರ್ತಿ ಹಳೆಯ ತುಂಡುಗಳನ್ನೇ ಜೋಡಿಸಿ ಹೊಲಿದದ್ದು, ಅದನ್ನು ಯಾರೂ ಹೀಗಳೆಯುವುದಿಲ್ಲ. ಹಳೆಯ ಕಾಯ್ದೆಗೆ ಹೊಸ ಕಲಮು ಸೇರಿಸಿದ್ದನ್ನು ಟೀಕಿಸಿದ ಒಂದು ಬರಹದಲ್ಲಿ ಲೇಖಕರು ‘ಇದು ಬರಿಯ ತೇಪೆ’ ಎಂದಷ್ಟೇ ಬರೆದಿದ್ದರು. ಆ ಕಲಮು ಉಳಿದ ಕಲಮುಗಳನ್ನು ಎಳೆದು ಹೊಸ ಗೊಂದಲ ಹುಟ್ಟಿಸಿತ್ತು ಎಂಬುದು ಅವರದೇ ವಾದವಾಗಿದ್ದರಿಂದ, ‘ಹಳೆಯ ಬಟ್ಟೆಗೆ ಒಗೆಯದ ತೇಪೆ’ ಎಂದು ಸೂಚಿಸಿದೆ. ಟೀಕೆಯ ಕಾರಣವೂ ಪದದೊಳಗೇ ಬಂದಿತು.

ಮಗ್ಗ ಬಿಟ್ಟು ಹೊರಬಾರದ ಪದಗಳಿಗೆ ನನ್ನ ಪುಸ್ತಕದ ಕೊನೆಯಲ್ಲಿ ಒಂದು ಪುಟವಿದೆ. ಕಂಡಿಕೆ, ನೇಯಲು ಚಾಚಿದ ಹಾಸಿನ ನೂಲಿಗೆ ಹೆಸರಾದ ಉಂಕಿ ಇವೆಲ್ಲ ಅಲ್ಲಿವೆ. ಸ್ವತಃ ನೇಕಾರನಾಗಿದ್ದ ಜೇಡರ ದಾಸಿಮಯ್ಯನ ವಚನದಲ್ಲಿ ಇವು ಬರುತ್ತವೆ. ಅಲ್ಲಿ ಅವಕ್ಕೆ ಮಗ್ಗವನ್ನು ಮೀರಿದ ಅರ್ಥವಿದೆ, ಆದರೆ ಆ ಅರ್ಥ ಆ ವಚನದೊಳಗೇ ಉಳಿಯಿತು, ದಿನಬಳಕೆಗೆ ಇಳಿಯಲಿಲ್ಲ. ಈಗಿನ ಲೇಖಕರೊಬ್ಬರು ಇಂಥ ಪದವನ್ನು ರೂಪಕವಾಗಿ ತಂದರೆ ನಾನು ಅದನ್ನು ತೆಗೆಯುವುದಿಲ್ಲ. ಆ ವಸ್ತು ಮಗ್ಗದಲ್ಲಿ ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ ಎಂಬುದು ತಿಳಿಯುವಂತೆ ಅದೇ ಪುಟದಲ್ಲಿ, ಪದ ಬರುವ ಮೊದಲೇ, ಒಂದು ವಾಕ್ಯ ಸೇರಿಸಿಕೊಡಲು ಕೇಳುತ್ತೇನೆ.