ಉತ್ತರ ಬಾರದ ಕೊಟೇಶನ್‌ಗೆ ಕೊನೆಗೂ ಉತ್ತರ ಬಂದದ್ದು

ಒಂದು ಕಂಪನಿಯ ಗ್ರಾಹಕರ ಕರೆಗಳನ್ನು ನೋಡಿಕೊಳ್ಳಲು ಕೊಟೇಶನ್ ಕಳಿಸಿದ್ದೆ. ಆರು ವಾರ ಉತ್ತರವಿಲ್ಲ. ‘ಮೇಲ್ ನೋಡಿದಿರಾ?’ ಅಂತ ಮೂರು ಸಲ ಕೇಳಿದೆ, ಬೆಲೆಯನ್ನೂ ಇಳಿಸಿದೆ. ಅವರಿಗೆ ಪ್ರಶಸ್ತಿ ಬಂದಾಗ ಸುಮ್ನೆ ಅಭಿನಂದನೆ ಹೇಳಿದ್ದಕ್ಕೆ ‘ಥ್ಯಾಂಕ್ಸ್’ ಅಷ್ಟೇ ಬಂತು.

ಆಮೇಲೆ, ಹೊಸ ಸುದ್ದಿ ಬಂದರೆ ಮೇಲ್ ಕಳಿಸುವ ಗೂಗಲ್ ಅಲರ್ಟ್ಸ್‌ನಲ್ಲಿ ಕಂಪನಿಯ ಹೆಸರನ್ನು " " ಚಿಹ್ನೆಯೊಳಗೆ ಹಾಕಿ, How often ಎಂಬಲ್ಲಿ As-it-happens ಆರಿಸಿದೆ. ಹೊಸ ಆ್ಯಪ್ ಬಿಡುಗಡೆಯ ಸುದ್ದಿ ಸಿಕ್ಕಿತು. ಮರುದಿನವೇ ಹಳೇ ಮೇಲ್‌ಗೇ ರಿಪ್ಲೈ ಮಾಡಿದೆ. ಕೊಟೇಶನ್ ಕೆಳಗೇ ಕಾಣಬೇಕಲ್ವಾ? ಮೊದಲು ಸುದ್ದಿ, ಆಮೇಲೆ ಅದರಿಂದ ಅವರಿಗೆ ಬೀಳುವ ಕೆಲಸ, ಕೊನೆಗೆ ಒಂದೇ ಪ್ರಶ್ನೆ:

“ನಿಮ್ಮ ಆ್ಯಪ್‌ನಲ್ಲೇ ಈಗ ರೀಫಂಡ್ ಕೇಳಬಹುದು ಅಂತ ಓದಿದೆ. ಮೊದಲ ಕೆಲವು ವಾರ ‘ಹಣ ಯಾವಾಗ ಬರುತ್ತೆ’ ಎಂಬ ಕರೆಗಳೇ ಜಾಸ್ತಿ ಬರಬಹುದು. ಅವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?”

ಬೆಲೆಯ ಮಾತೇ ಎತ್ತಲಿಲ್ಲ. ಸಂಜೆಗೇ ಉತ್ತರ ಬಂತು. ಸುದ್ದಿಗೂ ಕೊಟೇಶನ್‌ಗೂ ನಂಟಿಲ್ಲದಿದ್ದರೆ ಈಗ ನಾನು ಬರೆಯುವುದಿಲ್ಲ.